ಹಿಂಡಿಯ ಎಣ್ಣೆ ಎಲ್ಲಿಂದ ಬಂತು?

ಅಕ್ಕಲಕೋಟೆಯ ಒಂದು ಮನೆಯಲ್ಲಿ ತಾಯಿ ಶೇಂಗಾ ಹಿಂಡಿ ಕುಟ್ಟಿ ಮಾರುತ್ತಾರೆ. ಕನ್ನಡವನ್ನು ಐಚ್ಛಿಕವಾಗಿ ಓದಿ ಪದವಿ ಪಡೆದ ಮಗಳು ಆ ಹಿಂಡಿಗಾಗಿ ನಲವತ್ತು ಸೆಕೆಂಡುಗಳ ಕಿರು ವಿಡಿಯೋಗಳ ಮಾತುಗಳನ್ನು ಬರೆಯುತ್ತಾಳೆ. ಆಕೆಯ ಮೊದಮೊದಲ ಬರಹಗಳಲ್ಲಿ ಅಜ್ಜಿಯ ಕೈರುಚಿ, ಮಣ್ಣಿನ ಸೊಗಡು, ಪರಂಪರೆ ಎಂಬ ಪದಗಳೇ ತುಂಬಿದ್ದವು. ನೋಡಿದವರು ಹೊಗಳಿದರು, ಕೊಂಡವರು ಮಾತ್ರ ಕಡಿಮೆ. ವಿಚಾರಿಸಲು ಬಂದವರಲ್ಲಿ ಒಬ್ಬರೂ ಪರಂಪರೆಯನ್ನು ಕುರಿತು ಕೇಳಲಿಲ್ಲ. ಅವರು ಕೇಳುತ್ತಿದ್ದುದೇ ಬೇರೆ.

ಏನು ಕೇಳುತ್ತಿದ್ದರೆಂಬುದನ್ನು ತಿಳಿಯಲು ಆಕೆ ಮೂರು ತಿಂಗಳ ವಾಟ್ಸಾಪ್ ಸಂದೇಶಗಳನ್ನು ಒಂದು ನೋಟುಬುಕ್ಕಿಗೆ ಇಳಿಸಿದಳು. ತಾಯಿಗೆ ಬಂದ ಫೋನು ಕರೆಗಳನ್ನೂ ನೆನಪು ಹಸಿಯಾಗಿರುವಾಗಲೇ ಬರೆದುಕೊಂಡಳು. ಏಕೆಂದರೆ ವಯಸ್ಸಾದ ಗಿರಾಕಿಗಳು ಬರೆಯುವುದಿಲ್ಲ, ಮಾತನಾಡುತ್ತಾರೆ. ಪುಟಕ್ಕೆ ಮೂರು ಅಂಕಣ. ಮೊದಲನೆಯದರಲ್ಲಿ ಗಿರಾಕಿಯ ಮಾತು, ಕಾಗುಣಿತ ತಪ್ಪಿದ್ದರೆ ತಪ್ಪಿದ ಹಾಗೆಯೇ. ಎರಡನೆಯದರಲ್ಲಿ ಅದನ್ನು ಕೇಳಿದ ಗಳಿಗೆ: ಕೊಳ್ಳುವ ಮುನ್ನವೋ, ಪೊಟ್ಟಣ ಬಿಚ್ಚಿದ ಮೇಲೋ, ಎರಡನೆಯ ಸಲ ತರಿಸುವಾಗಲೋ. ಮೂರನೆಯದರಲ್ಲಿ ಉತ್ತರ ಹೋದ ಬಳಿಕ ಏನಾಯಿತು ಎಂಬುದು. ಗಿರಾಕಿಯ ಹೆಸರನ್ನೂ ಸಂಖ್ಯೆಯನ್ನೂ ಬರೆಯದೆ ಊರನ್ನಷ್ಟೇ ಗುರುತಿಸಿದಳು.

ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಬೇಕೆಂಬ ನಿಯಮವೇ ಈ ಕೆಲಸದ ಜೀವ. ‘ಎಣ್ಣೆಯ ಬಗ್ಗೆ ಪ್ರಶ್ನೆ’ ಎಂದು ಸಂಗ್ರಹಿಸಿಬಿಟ್ಟರೆ ಹತ್ತಾರು ಸಂದೇಶಗಳು ಒಂದೇ ಸಾಲಿನಲ್ಲಿ ಅಡಗುತ್ತವೆ. ಆದರೆ ಆ ಸಾಲುಗಳನ್ನು ಬಿಡಿಸಿ ಓದಿದಾಗ ಕಂಡದ್ದು ಹೀಗೆ. ಬೆಂಗಳೂರಿನಿಂದ: “ಮೇಡಂ, ಫೋಟೋದಲ್ಲಿ ತುಂಬಾ ಎಣ್ಣೆ ಕಾಣ್ತಿದೆ, ಪಾಮ್ ಆಯಿಲ್ ಹಾಕ್ತೀರಾ?” ಕಲಬುರಗಿಯಿಂದ: “ಅಕ್ಕಾರ, ಎಣ್ಣಿ ಮ್ಯಾಲ ಬಂದದ, ಕೆಟ್ಟದೇನ್ರಿ?” ಪುಣೆಯಲ್ಲಿ ನೆಲೆಸಿದ ಕನ್ನಡದವರೊಬ್ಬರಿಂದ: “ನಮ್ಮ ಮಾವನೋರಿಗೆ ಹಾರ್ಟ್ ತೊಂದರಿ ಅದ, ಇಷ್ಟು ಎಣ್ಣಿ ನಡೀತದೇನು?” ಕಣ್ಣಿಗೆ ಕಂಡದ್ದು ಒಂದೇ ಎಣ್ಣೆ. ಹಿಂದಿನ ಅಂಜಿಕೆ ಮೂರು: ಮೊದಲನೆಯವರಿಗೆ ಮೋಸದ್ದು, ಎರಡನೆಯವರಿಗೆ ಹಣ ಹಾಳಾಯಿತೆಂಬುದು, ಮೂರನೆಯವರಿಗೆ ಮನೆಯವರ ಆರೋಗ್ಯದ್ದು. ಮೂವರಿಗೂ ಒಂದೇ ಬರಹದಲ್ಲಿ ಉತ್ತರಿಸಹೊರಟರೆ ಯಾರಿಗೂ ತಟ್ಟದು.

ಮುಂದಿನದು ಜರಡಿ ಹಿಡಿಯುವ ಕೆಲಸ. ಬೆಲೆ, ಅಂಚೆವೆಚ್ಚ, ತಲುಪುವ ದಿನ ಇವುಗಳ ವಿಚಾರಣೆಯೇ ಸಂಖ್ಯೆಯಲ್ಲಿ ಹೆಚ್ಚು. ಆದರೂ ಅವುಗಳಲ್ಲಿ ಬರಹಕ್ಕೆ ವಸ್ತುವಿಲ್ಲ. ಒಂದು ಸಿದ್ಧ ಉತ್ತರ ಸಾಕು. ಪೊಟ್ಟಣ ಸೋರಿ ಬಟ್ಟೆಗೆ ಎಣ್ಣೆ ಹತ್ತಿತೆಂಬ ದೂರುಗಳನ್ನೂ ಆಕೆ ಬೇರೆ ತೆಗೆದಳು. ಅದು ಹೇಳಿ ಒಪ್ಪಿಸುವ ಸಂಗತಿಯಲ್ಲ, ಸರಿಪಡಿಸಬೇಕಾದ ಸಂಗತಿ. ತೆಳುವಾದ ಚೀಲ ಹೋಗಿ ಬಿಗಿ ಮುಚ್ಚಳದ ಡಬ್ಬಿ ಬಂತು. ನಿಜವಾದ ಕೊರತೆಯನ್ನು ಚೆಂದದ ಮಾತಿನಿಂದ ಮುಚ್ಚುವ ಬರಹ ಮುಂದಿನ ತಿಂಗಳು ಇನ್ನಷ್ಟು ದೂರು ತರುತ್ತದೆ, ಅಷ್ಟೆ.

ಉಳಿದವುಗಳಲ್ಲಿ ಯಾವುದನ್ನು ಆರಿಸಬೇಕು? ಇಲ್ಲಿ ಆಕೆ ಎಣಿಸಿದ್ದು ಸಂದೇಶಗಳನ್ನಲ್ಲ, ಜನರನ್ನು. ಒಬ್ಬರೇ ಸಿಟ್ಟಿನಿಂದ ಐದು ಸಲ ಬರೆದಿದ್ದರೆ ಅದು ಒಂದೇ ಲೆಕ್ಕ. ಬಳಿಕ ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಜೊತೆಗಿಟ್ಟು ನೋಡಿದಳು. ಕೆಟ್ಟಿದೆಯೇ ಎಂದು ಕೇಳಿದವರು ಬಹುಪಾಲು ಕೊಂಡ ಮೇಲೆ ಕೇಳಿದ್ದರು. ಉತ್ತರ ಸಿಕ್ಕ ಮೇಲೆ ಸಮಾಧಾನಗೊಂಡು ಮತ್ತೆ ತರಿಸಿಕೊಂಡವರೂ ಇದ್ದರು. ಕಲಬೆರಕೆಯ ಶಂಕೆ ಮಾತ್ರ ಬೇರೆ ಬೇರೆ ಊರುಗಳಿಂದ, ಕೊಳ್ಳುವ ಮುನ್ನವೇ ಬಂದಿತ್ತು. “ಇಲ್ಲ ಮೇಡಂ, ಅದು ಶೇಂಗಾದ್ದೇ ಎಣ್ಣೆ” ಎಂಬ ಉತ್ತರದ ನಂತರ ಆ ಕಡೆಯಿಂದ ಮಾತಿಲ್ಲ. ಕೇಳಿ ಸುಮ್ಮನಾದವರ ಆ ಮೌನದಲ್ಲಿಯೇ ಮೊದಲ ಬರಹದ ವಸ್ತುವಿತ್ತು. ಹೃದಯದ ಪ್ರಶ್ನೆಯನ್ನು ಆಕೆ ಮುಟ್ಟಲಿಲ್ಲ. ಅದಕ್ಕೆ ಉತ್ತರಿಸಬೇಕಾದವರು ವೈದ್ಯರು.

ನಡುವೆ ಮೈಸೂರಿನ ಕಡೆಯ ಒಂದು ಸಂದೇಶ ನಗೆ ತರಿಸಿತು: “ಹಿಂಡಿ ಅಂದ್ರೆ ದನಕ್ಕೆ ಹಾಕೋದಲ್ವಾ?” ಉತ್ತರದ ಕನ್ನಡದಲ್ಲಿ ಅಗಸಿ ಹಿಂಡಿ, ಶೇಂಗಾ ಹಿಂಡಿ ಎಂದರೆ ರೊಟ್ಟಿಯ ಜೊತೆಗಾರ. ದಕ್ಷಿಣದಲ್ಲಿ ಹಿಂಡಿಯೆಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ. ಕೇಳಿದವರು ಒಬ್ಬರೇ, ಎಣಿಕೆಯ ಪ್ರಕಾರ ಬಿಟ್ಟುಬಿಡಬಹುದಾದ ಸಾಲು. ಆದರೆ ತಡಕಾಡುತ್ತಿದ್ದ ಮಾತು ಸಿಕ್ಕಿದ್ದು ಅಲ್ಲಿಯೇ.

ಅದನ್ನು ತಾಯಿಗೆ ಓದಿ ಹೇಳಿದಾಗ ಕುಟ್ಟುವುದನ್ನು ನಿಲ್ಲಿಸದೆ ಅವರೆಂದರು: “ಎಣ್ಣಿ ತಗದ್ರ ದನದ ಹಿಂಡಿ, ಎಣ್ಣಿ ಉಳದ್ರ ಮನಿಷ್ಯಾರ ಹಿಂಡಿ. ಅಷ್ಟೂ ತಿಳ್ಯಂಗಿಲ್ಲೇನು?” ಅವರ ದನಿಯಲ್ಲಿ ನಗುವಿರಲಿಲ್ಲ. ಪಾಮ್ ಆಯಿಲ್ ಎಂಬ ಮಾತು ಅವರನ್ನು ಆಗಲೇ ನೋಯಿಸಿತ್ತು.

ಬರಹ ಸಿದ್ಧವಾಯಿತು. ಮೊದಲ ಸಾಲು ಗಿರಾಕಿಯ ಪ್ರಶ್ನೆಯೇ: “ಇಷ್ಟು ಎಣ್ಣೆ ಎಲ್ಲಿಂದ ಬಂತು? ಪಾಮ್ ಆಯಿಲ್ ಹಾಕಿದ್ದೀರಾ?” ಶಂಕೆಯನ್ನು ಮೃದುಗೊಳಿಸಲಿಲ್ಲ, ಮೃದುಗೊಳಿಸಿದರೆ ಶಂಕಿಸಿದವರಿಗೆ ಅದು ತಮ್ಮ ಮಾತೆನಿಸದು. ಎರಡನೆಯ ಸಾಲಿಗೆ ಒಣ ಒರಳು, ಅದರೊಳಗೆ ಹುರಿದು ಸಿಪ್ಪೆ ತೆಗೆದ ಶೇಂಗಾ, ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಆಮೇಲೆ ಒನಕೆಯ ಸದ್ದು, ಮಾತಿಲ್ಲ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕುಟ್ಟಿದಾಗ ಬೀಜ ಜಜ್ಜಿ ಅದು ಹೊರಬರುತ್ತದೆ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ, ಕೊನೆಗೆ ತಾಯಿಯ ಮಾತನ್ನು ಅವರ ದನಿಯಲ್ಲಿಯೇ ಇಟ್ಟಳು.

ಒಂದು ತೊಡಕು ಉಳಿದಿತ್ತು. ಎಣ್ಣೆ ಕಾಣಲು ನಲವತ್ತು ಸೆಕೆಂಡು ಸಾಲದು. ನಡುವೆ ಕತ್ತರಿಸಿದರೆ, ಕತ್ತರಿಸಿದ ಜಾಗದಲ್ಲಿಯೇ ಬಾಟಲಿ ಬಗ್ಗಿಸಿದ್ದಾರೆಂದು ಶಂಕಿಸುವವರು ಹೇಳುತ್ತಾರೆ. ಆದ್ದರಿಂದ ಕುಟ್ಟುವ ಭಾಗವನ್ನು ಎಲ್ಲಿಯೂ ಕತ್ತರಿಸದೆ ಇಡಿಯಾಗಿ ಚಿತ್ರಿಸಿ, ವೇಗವನ್ನಷ್ಟೇ ಹೆಚ್ಚಿಸಿದಳು. ಹಾಗೆ ಮಾಡಿದ್ದನ್ನು ಪರದೆಯ ಮೇಲೆ ಬರೆದೂ ತೋರಿಸಿದಳು. ಯಾವ ಅಂಜಿಕೆಗೆ ಉತ್ತರ ಕೊಡುತ್ತಿದ್ದೇವೆಂಬುದು ಗೊತ್ತಿದ್ದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಾಗುತ್ತದೆ.

ಎರಡನೆಯ ಬರಹ ಕೆಟ್ಟಿದೆಯೇ ಎಂದು ಕೇಳಿದವರಿಗೆ. ಅದರಲ್ಲಿ ಆಕೆ ಎಂದೂ ಕೆಡುವುದಿಲ್ಲವೆಂಬ ಮಾತನ್ನು ಆಡಲಿಲ್ಲ. ಮೇಲೆ ಎಣ್ಣೆ ನಿಂತರೆ ಅದು ಕೆಟ್ಟ ಗುರುತಲ್ಲ, ಕಮಟು ವಾಸನೆ ಬಂದರೆ ಅದು ಕೆಟ್ಟ ಗುರುತು, ಹಸಿ ಚಮಚ ಹಾಕಬೇಡಿ ಎಂದಷ್ಟೇ ಬರೆದಳು.

ಫಲವನ್ನು ಆಕೆ ನೋಡುಗರ ಸಂಖ್ಯೆಯಿಂದ ಅಳೆಯಲಿಲ್ಲ. ಅದೇ ನೋಟುಬುಕ್ಕಿನಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತಿದೆಯೇ ಎಂದು ನೋಡಿದಳು. ಪಾಮ್ ಆಯಿಲ್ ಸಾಲುಗಳು ತೀರ ನಿಲ್ಲಲಿಲ್ಲ, ವಿರಳವಾದವು. ಕೇಳಿದವರಿಗೆ ಆ ವಿಡಿಯೋ ಕಳಿಸಿದರೆ ಮುಂದಿನ ಮಾತು ಮೌನವಾಗಿರದೆ “ಅರ್ಧ ಕೆಜಿ ಎಷ್ಟು?” ಎಂದಿರುತ್ತಿತ್ತು. ಕೇಳದೆಯೇ ಹೋದವರ ಮನಸ್ಸು ಯಾವ ಅಂಕಣಕ್ಕೂ ಬರಲಿಲ್ಲ. ಅದು ಈ ವಿಧಾನದ ಮಿತಿ. ಅಂಥವರಿಗಾಗಿ ಆಕೆ ವಾರದ ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು, ಡಬ್ಬಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುವವರು ಜೊತೆಯವರಿಗೆ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳತೊಡಗಿದ್ದಾಳೆ. ಕಳೆದ ಸಂತೆಯ ಪುಟದಲ್ಲಿ ಇರುವುದು ಒಂದೇ ಸಾಲು, ಅರ್ಧ ಮರಾಠಿ, ಅರ್ಧ ಕನ್ನಡ: “ಛಾನ್ ಅದ, ಆದ್ರ ಹುಡುಗ್ರಿಗೆ ಭಾಳ ತಿಖಟ್ ಆಗ್ತದ.”