ಬಿಲ್ಲಿನ ಕೆಳಗಿನ ಸಾಲು

ದಬ್ಬೇಘಟ್ಟದ ಮೋಟಾರ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಗಿರಾಕಿಗೂ ನಮಗೂ ನಡುವೆ ಕಂಪನಿ ಅನ್ನುವುದು ಹೆಸರಿಗಷ್ಟೇ ಇತ್ತು. ಮೋಟಾರ್ ಸುಟ್ಟರೆ ರೈತರು ಗಾಡಿಗೆ ಹಾಕಿಕೊಂಡು ತರುತ್ತಿದ್ದರು. ಯಜಮಾನರು ಒಮ್ಮೆ ಮೋಟಾರ್ ನೋಡಿ, ಒಮ್ಮೆ ತಂದವರ ಮುಖ ನೋಡಿ ತೀರ್ಮಾನ ಹೇಳುತ್ತಿದ್ದರು. ದೊಡ್ಡ ತೋಟದವರಿಗೆ ಬದಲಿ ಮೋಟಾರ್ ಸಿಗುತ್ತಿತ್ತು. ಹತ್ತಿಪ್ಪತ್ತು ತೆಂಗಿನವರಿಗೆ ಬಿಲ್ಲಿನ ಕೆಳಗಿನ ಸಾಲು ತೋರಿಸುತ್ತಿದ್ದರು: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಬಾಕಿ ಲೆಕ್ಕ ಪುಸ್ತಕ ಸೇರುತ್ತಿತ್ತು, ಕೊಬ್ಬರಿ ಮಾರಿದ ಮೇಲೆ ತೀರುತ್ತಿತ್ತು.

ತೆರೆದ ಬಾವಿ ಬತ್ತಿ ಬೋರ್‌ವೆಲ್ ಬಂದ ಮೇಲೆ ಸಬ್‌ಮರ್ಸಿಬಲ್ ಮೋಟಾರಿನ ಜೊತೆಗೆ ಸೀರಿಯಲ್ ನಂಬರ್, ವಾರಂಟಿ ಕಾರ್ಡೂ ಬಂದವು. ತೀರ್ಮಾನ ಯಜಮಾನರ ಕೈತಪ್ಪಿ ಕಂಪನಿಯ ಸರ್ವೀಸ್ ಸೆಂಟರಿಗೆ ಹೋಯಿತು. ಅದನ್ನು ಗಿರಾಕಿಗೆ ತಿಳಿಸಿ ಹೇಳುವ ಕೆಲಸ ಮಾತ್ರ ಕೌಂಟರಿನಲ್ಲಿ ನಿಂತ ನಮ್ಮ ಪಾಲಿಗೆ ಉಳಿಯಿತು.

2023ರ ಮಳೆ ಕೈಕೊಟ್ಟಿತು. ಮಾರನೇ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ಸುಟ್ಟ ಐದು ಎಚ್‌ಪಿ ಮೋಟಾರ್ ಹೊತ್ತು ತಂದರು. ಕೊಂಡು ಇಪ್ಪತ್ತೆರಡು ದಿನವಾಗಿತ್ತು. “ನಂಗೆ ಇನ್ನೊಂದು ಮೋಟ್ರು ಬ್ಯಾಡ ಕಣಪ್ಪ. ದುಡ್ಡು ಕೊಟ್ಬುಡು, ಬೇರೆ ಕಡೆ ತಗೋತೀನಿ” ಅಂದರು.

ಕಂಪನಿ ರೂಲ್ಸ್ ಒಪ್ಪಲ್ಲ ಅಂದು ಕಳಿಸಬಹುದಿತ್ತು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆಯೇ ಮಾತು ಹೇಳುತ್ತದೆ. ಮಾಲಿನಲ್ಲೇ ದೋಷವಿದ್ದರೆ ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ ಮೂವತ್ತು ದಿನದೊಳಗೆ, ಅದನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಕಂಪನಿಯ ನಿಯಮ ಕಾನೂನಿಗಿಂತ ಮೇಲಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಒಂದೇ: ದೋಷ ಮಾಲಿನದೋ, ಬಳಕೆಯದೋ?

“ಗೌಡ್ರೇ, ನಿಮ್ಮ ಎದುರಿಗೇ ಬಿಚ್ಚಿಸ್ತೀನಿ, ನೀವೇ ನೋಡಿ” ಅಂದು ಸರ್ವೀಸ್ ಸೆಂಟರಿಗೆ ಜೊತೆಯಲ್ಲೇ ಹೋದೆ. ಮೋಟಾರ್ ಬಿಚ್ಚಿದಾಗ ಎರಡು ಫೇಸಿನ ವೈಂಡಿಂಗ್ ಕರಗಿ ಕಪ್ಪಾಗಿತ್ತು. ಮೂರನೆಯದರ ಪ್ಲಾಸ್ಟಿಕ್ ಹೊದಿಕೆಯ ಬಣ್ಣವೂ ಮಾಸಿರಲಿಲ್ಲ. ಒಂದು ಫೇಸ್ ಕೈಕೊಟ್ಟಾಗ ಅದರ ಭಾರವನ್ನೂ ಉಳಿದೆರಡು ಹೊರಬೇಕಾಗುತ್ತದೆ, ಅವೇ ಸುಡುತ್ತವೆ. ತಯಾರಿಕೆಯ ದೋಷವಾಗಿದ್ದರೆ ಸುಟ್ಟ ಗುರುತು ಸಾಮಾನ್ಯವಾಗಿ ಒಂದು ಜಾಯಿಂಟಿನಲ್ಲೋ ಒಂದೇ ಜಾಗದಲ್ಲೋ ಶುರುವಾಗಿರುತ್ತದೆ.

ಅಷ್ಟಕ್ಕೇ ನಂಬಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಅವರ ತೋಟಕ್ಕೂ ಹೋದೆ. ಪ್ಯಾನಲ್ ಬೋರ್ಡಿನಲ್ಲಿ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರನ್ನು ಯಾರೋ ಒಂದು ತುಂಡು ತಂತಿಯಿಂದ ಬೈಪಾಸ್ ಮಾಡಿದ್ದರು. ಪದೇ ಪದೇ ಟ್ರಿಪ್ ಆಗಿ ರಾತ್ರಿ ನೀರು ನಿಲ್ಲುತ್ತಿತ್ತಂತೆ. ಆಟೋ ಸ್ಟಾರ್ಟರ್ ನಂಬಿ ಮಲಗಿದ್ದ ರಾತ್ರಿಯೇ ಮೋಟಾರ್ ಸುಟ್ಟಿತ್ತು. ಆ ತಂತಿಯನ್ನು ಮುಟ್ಟಿ ನೋಡಿದ ಗೌಡರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೂತು ಬಿಡಿಸಿ ಹೇಳಿದೆ. “ಸಿಂಗಲ್ ಫೇಸಿಂಗಿನಿಂದ ಸುಟ್ಟದ್ದು ವಾರಂಟಿಗೆ ಸೇರಲ್ಲ, ಕಾರ್ಡಿನಲ್ಲಿ ಬರೆದಿದೆ. ಕಂಪನಿ ನಮಗೆ ದುಡ್ಡು ಕೊಡಲ್ಲ, ನಿಮಗೆ ಕೊಡೋಕೆ ನಮ್ಮ ಕೈಲೂ ಆಗಲ್ಲ. ಆದರೆ ಆಗೋದು ಏನಿದೆ ಹೇಳ್ತೀನಿ, ಕೇಳಿ.” ಮೋಟಾರ್ ರೀವೈಂಡಿಂಗ್ ಮಾಡಿಸಬಹುದು. ಖರ್ಚು ಅವರದು, ಸುತ್ತಿದ ಕೆಲಸಕ್ಕೆ ವರ್ಕ್‌ಶಾಪಿನದೇ ಗ್ಯಾರಂಟಿ. ಪಂಪಿನ ಭಾಗ ಕೆಟ್ಟಿಲ್ಲ, ಅದರ ವಾರಂಟಿ ಹಾಗೇ ಇರುತ್ತದೆ. ಅಥವಾ ಸುಟ್ಟ ಮೋಟಾರನ್ನು ಬೆಲೆಗೆ ಹಿಡಿದು ಹೊಸದಕ್ಕೆ ವ್ಯತ್ಯಾಸ ಕಟ್ಟಬಹುದು. ಯಾವುದೇ ಆದರೂ ಅಲ್ಲಿಯವರೆಗೆ ಅಂಗಡಿಯ ಹಳೇ ಮೋಟಾರ್ ಇಳಿಸಿಕೊಡುತ್ತೇವೆ, ಸಸಿಗಳಿಗೆ ನೀರು ನಿಲ್ಲುವುದಿಲ್ಲ. ಈ ತೀರ್ಮಾನ ಒಪ್ಪಿಗೆಯಾಗದಿದ್ದರೆ ಪರಿಶೀಲನೆಯ ವರದಿಯನ್ನು ಬರೆಸಿ ಕೊಡುತ್ತೇನೆ, ತುಮಕೂರಿನ ಗ್ರಾಹಕರ ಆಯೋಗಕ್ಕೆ ಹೋಗಬಹುದು, 1915ಕ್ಕೆ ಫೋನೂ ಮಾಡಬಹುದು.

ಕೊನೆಯ ಮಾತನ್ನು ಯಜಮಾನರ ಮಗ ಮೆಚ್ಚಲಿಲ್ಲ. ಆದರೆ ಆ ದಾರಿ ಮುಚ್ಚಿಟ್ಟು ಹೇಳುವ ‘ಆಗಲ್ಲ’ ಮೋಸ ಎಂದೇ ನನ್ನ ನಂಬಿಕೆ. ಗೌಡರು ರೀವೈಂಡಿಂಗ್ ಆರಿಸಿದರು. ಪ್ರಿವೆಂಟರಿನ ತಂತಿಯನ್ನು ಅವರೇ ನಿಂತು ತೆಗೆಸಿದರು.

ಒಂದು ಮಾತು ಮಾತ್ರ ನನಗೆ ನಾಟಿತು: “ಇದನ್ನೆಲ್ಲ ಕೊಳ್ಳೋ ದಿನ ಹೇಳಿದ್ರೆ ಆ ತಂತಿ ಹಾಕಿಸ್ತಿದ್ನೇನಪ್ಪ?” ಹೌದು, ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದೆವೇ ಹೊರತು ಓದಿ ಹೇಳಿರಲಿಲ್ಲ.

ಈಗ ಹಳೇ ಸಾಲು ನಮ್ಮ ಬಿಲ್ಲಿನಲ್ಲಿಲ್ಲ. ಹಿಂಬದಿಯಲ್ಲಿ ದಪ್ಪಕ್ಷರದ ಮೂರು ಸಾಲುಗಳಿವೆ: ಫೇಸ್ ತಪ್ಪಿ ಸುಟ್ಟರೆ, ನೀರಿಲ್ಲದೆ ಓಡಿ ಸುಟ್ಟರೆ, ಹೊರಗಿನವರು ಬಿಚ್ಚಿದ್ದರೆ ವಾರಂಟಿ ಇಲ್ಲ. ದುಡ್ಡು ಎಣಿಸಿಕೊಳ್ಳುವ ಮೊದಲು ಅದನ್ನು ಜೋರಾಗಿ ಓದುತ್ತೇನೆ. ಕೆಲವರು ಕೇಳಿ ಮೋಟಾರ್ ಕೊಳ್ಳದೆ ಹೋಗಿದ್ದಾರೆ. ಹೆಚ್ಚಿನವರು ಪ್ರಿವೆಂಟರ್ ಬಗ್ಗೆ ಕೇಳುತ್ತಾರೆ.