ಕೋಟಿನೊಳಗೆ ಉಳಿದ ಐದು ಚಮಚ ನೀರು

ನಾವಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ದಾಟುವ ದಿನಗಳೂ ಬರುತ್ತವೆ. ಪ್ರತಿವರ್ಷ ಆಗಸ್ಟ್‌ನಲ್ಲಿ ನಮ್ಮ ಕಡೆಯ ಮಕ್ಕಳು ಓದೋಕೆ ಅಂತ ಬಂದಿಳೀತಾರೆ. ಊರಲ್ಲಿ ಕೊಂಡ ಸ್ವೆಟರ್ ಒಂದೋ ಎರಡೋ ಪೆಟ್ಟಿಗೆಯಲ್ಲಿರುತ್ತೆ ಅಷ್ಟೆ. ಒಳ್ಳೆಯ ಕೋಟು ಹೊಸದಾಗಿ ಕೊಳ್ಳೋಕೆ ಹೋದರೆ ಇನ್ನೂರು, ಮುನ್ನೂರು ಡಾಲರ್. ಹಾಗಾಗಿ ಇಲ್ಲಿನ ಏಳೆಂಟು ಕನ್ನಡದ ಮನೆಗಳವರು ಸೇರಿ, ಬಳಸದೆ ಇಟ್ಟ ಕೋಟುಗಳನ್ನು ಒಟ್ಟುಮಾಡಿ ಕೊಡ್ತೀವಿ. ಅವನ್ನು ನೋಡಿ, ಒಗೆದು, ಒಣಗಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದು ಆರು ವರ್ಷವಾಯಿತು.

ಇವುಗಳಲ್ಲಿ ಹೆಚ್ಚಿನವು ಉಬ್ಬುಬ್ಬಾದ ಪಫರ್ ಕೋಟುಗಳು. ಒಳಗೆ ತುಂಬಿರೋದು ಎರಡು ಬಗೆ. ಒಂದು ಪಾಲಿಯೆಸ್ಟರ್ ನಾರು. ಇನ್ನೊಂದು ಡೌನ್, ಅಂದರೆ ಬಾತುಕೋಳಿಯ ಗರಿಗಳ ಕೆಳಗೆ ಮೈಗಂಟಿಕೊಂಡು ಬೆಳೆಯುವ ಮೆತ್ತನೆಯ ತುಪ್ಪುಳ. ಒಳಗಿನ ಚೀಟಿಯಲ್ಲಿ ಯಾವುದು ಅಂತ ಬರೆದಿರುತ್ತೆ, ಮೊದಲು ಅದನ್ನು ಓದಬೇಕು. ಪಾಲಿಯೆಸ್ಟರ್ ಆದರೆ ಚಿಂತೆ ಕಡಿಮೆ, ಸಣ್ಣ ಬಿಸಿಯಲ್ಲಿ ಬೇಗ ಒಣಗುತ್ತೆ. ತುಪ್ಪುಳದ್ದೇ ಕಥೆ ಬೇರೆ.

ತುಪ್ಪುಳದ ಒಂದೊಂದು ಎಸಳೂ ನಡುವಿನ ಒಂದು ಬಿಂದುವಿನಿಂದ ಸುತ್ತಲೂ ಕೂದಲಿನಂಥ ಎಳೆಗಳನ್ನು ಚಾಚಿಕೊಂಡಿರುತ್ತೆ. ಎಕ್ಕದ ಕಾಯಿ ಒಡೆದಾಗ ಹಾರುವ ಬಿಳಿಯ ಹತ್ತಿ ನೆನಪಿಸಿಕೊಳ್ಳಿ. ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡೋದು. ನೀರು ಬಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ, ಎಸಳುಗಳೆಲ್ಲ ಸೇರಿ ಉಂಡೆಯಾಗುತ್ತವೆ. ಗಾಳಿಗೆ ಜಾಗವಿಲ್ಲ, ಬೆಚ್ಚಗೂ ಇಲ್ಲ.

ಹೋದ ಸೆಪ್ಟೆಂಬರ್‌ನಲ್ಲಿ ಒಬ್ಬ ಅಕ್ಕ ಒಂದು ಉದ್ದನೆಯ ಕೋಟು ತಂದುಕೊಟ್ಟರು. ಮೊಣಕಾಲಿನವರೆಗೆ ಬರುವ, ಗಟ್ಟಿ ಜಿಪ್ಪಿನ ಒಳ್ಳೆಯ ಕೋಟು. "ನೋಡು, ಆದರೆ ಇಟ್ಕೋ, ಇಲ್ಲಾಂದ್ರೆ ಎಸೆದುಬಿಡು. ಏಪ್ರಿಲ್‌ನಲ್ಲಿ ಒಗೆದು ಒಣಗಿಸಿಯೇ ಇಟ್ಟಿದ್ದೆ, ಈಗ ನೋಡಿದ್ರೆ ಹೀಗಾಗಿದೆ" ಅಂದರು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಹೊಲಿಗೆ ಹಾಕಿ ಮಾಡಿದ ಅಡ್ಡ ಖಾನೆಗಳಲ್ಲಿ ಮುಕ್ಕಾಲು ಭಾಗ ಬರಿದೋ ಬರಿದು, ಬೆಳಕು ಹಾಯ್ದು ಕಾಣ್ತಿತ್ತು. ಪ್ರತಿ ಖಾನೆಯ ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಕಪ್ಪು ಉಂಡೆಗಳು. ಮೂಗಿಗೆ ಹಿಡಿದರೆ ನೆನೆದ ಕೋಳಿಯ ವಾಸನೆ.

ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ ಪಕ್ಕದಲ್ಲೇ ಕೂತು ನೋಡ್ತಿದ್ದರು. ಒಂದು ಉಂಡೆಯನ್ನು ಬಟ್ಟೆಯ ಮೇಲಿನಿಂದಲೇ ಹಿಚುಕಿ, "ಇದು ಹಾಳಾಗಿಲ್ಲ ಕಣೇ, ಹಿಂಜಿಲ್ಲ ಅಷ್ಟೆ. ನಮ್ಮ ಹತ್ತಿ ಹಾಸಿಗೆ ಗಂಟಾಗ್ತಿರ್ಲಿಲ್ವಾ? ಹಿಂಜೋನು ಬಂದು ಬಿಲ್ಲು ಮೀಟಿದ್ರೆ ಮತ್ತೆ ಹೂವಾಗ್ತಿತ್ತು" ಅಂದರು.

ಅತ್ತೆ ಹೇಳಿದ್ದು ಸರಿ. ಗಂಟು ಬೆರಳಿಗೆ ಸಿಕ್ಕಿ, ಹಿಚುಕಿದಾಗ ಸ್ವಲ್ಪವಾದರೂ ಬಿಡಿಸಿಕೊಂಡರೆ ತುಪ್ಪುಳ ಇನ್ನೂ ಚೆನ್ನಾಗಿದೆ ಅಂತ ಅರ್ಥ. ಒಳಗಿನ ಬಟ್ಟೆಯ ಮೇಲೆ ಕಪ್ಪು ಬೂಷ್ಟಿನ ಚುಕ್ಕೆಗಳಿದ್ದರೆ, ಅಥವಾ ಗಂಟನ್ನು ತಿಕ್ಕಿದಾಗ ಪುಡಿಪುಡಿ ಆದರೆ, ಅಂಥದ್ದನ್ನು ನಾನು ಯಾರಿಗೂ ಕೊಡೋದಿಲ್ಲ. ಇದರಲ್ಲಿ ಎರಡೂ ಇರಲಿಲ್ಲ. ಹಾಸನದಿಂದ ಬಂದ ಒಬ್ಬ ಹುಡುಗಿಗೆ ಇದೇ ಅಳತೆ ಬೇಕಿತ್ತು. ಬೆಳಿಗ್ಗೆ ಏಳಕ್ಕೆ ಬಸ್ ಸ್ಟಾಪಿನಲ್ಲಿ ನಿಲ್ಲಬೇಕಾದವಳು. ಬೇರೆ ಉದ್ದನೆಯ ಕೋಟು ನಮ್ಮ ಹತ್ತಿರ ಇರಲಿಲ್ಲ.

ಅಕ್ಕ ಒಣಗಿಸಿದ್ದೇನೋ ನಿಜ, ಹಾಗಿದ್ದೂ ಯಾಕೆ ಹೀಗಾಯ್ತು? ಡ್ರೈಯರ್‌ನಲ್ಲಿ ಬಟ್ಟೆ ಒಣಗಿದ್ದನ್ನು ತಾನೇ ತಿಳಿದು ನಿಲ್ಲುವ ವ್ಯವಸ್ಥೆ ಇರುತ್ತಲ್ಲ, ಅದಕ್ಕೆ ತಿಳಿಯೋದು ಮೇಲ್ಮೈ ಮಾತ್ರ. ಕೋಟಿನ ಹೊರಗಿನ ನೈಲಾನ್ ಬೇಗ ಒಣಗುತ್ತೆ. ಉಂಡೆಯ ಹೊರಪದರವೂ ಒಣಗುತ್ತೆ. ಆದರೆ ಆ ಪದರವೇ ಮುಚ್ಚಳದ ಹಾಗೆ ಕೂತು ಒಳಗಿನ ಒದ್ದೆಗೆ ಗಾಳಿ ತಾಗೋಕೆ ಬಿಡೋದಿಲ್ಲ. ಮೆಷಿನ್ ಗಂಟೆ ಬಾರಿಸಿ ನಿಲ್ಲುತ್ತೆ, ಮುಟ್ಟಿದರೆ ಬೆಚ್ಚಗಿರುತ್ತೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡ್ತಾರೆ. ಐದು ತಿಂಗಳು ಅದೇ ಒದ್ದೆಯಲ್ಲಿ ಗಂಟು ಗಟ್ಟಿಯಾಗಿ, ವಾಸನೆ ಹಿಡಿಯುತ್ತೆ.

ವಾಸನೆ ಹೋಗಬೇಕಾದ್ದರಿಂದ ಇನ್ನೊಮ್ಮೆ ಒಗೆಯಲೇಬೇಕಿತ್ತು. ಜೇಬು ಖಾಲಿ ಮಾಡಿ, ಟೋಪಿಯ ಅಂಚಿನ ರೋಮದ ಪಟ್ಟಿ ಬಿಚ್ಚಿಟ್ಟು, ಜಿಪ್ಪನ್ನೆಲ್ಲ ಹಾಕಿದೆ. ಕೋಟು ಒಂದನ್ನೇ, ಮುಂದಿನಿಂದ ಬಟ್ಟೆ ಹಾಕುವ ಮೆಷಿನ್ನಿಗೆ ಹಾಕಿದೆ. ಮೇಲಿನಿಂದ ಹಾಕುವ, ನಡುವೆ ಕಂಬವಿರುವ ಮೆಷಿನ್ ಇದಕ್ಕೆ ಬೇಡ. ಕೋಟಿನೊಳಗಿನ ಗಾಳಿಯಿಂದ ಅದು ನೀರಿನ ಮೇಲೆ ತೇಲುತ್ತೆ, ಕಂಬ ಅದನ್ನು ಹಿಡಿದು ತಿರುಚಿ ಹೊಲಿಗೆ ಕಿತ್ತುಹಾಕುತ್ತೆ.

ಸೋಪಿನ ವಿಷಯ ಮುಖ್ಯ. ದಿನನಿತ್ಯದ ಡಿಟರ್ಜೆಂಟ್‌ಗಳಲ್ಲಿ ಬಹಳಷ್ಟರಲ್ಲಿ ರಕ್ತ, ಹಾಲಿನಂಥ ಪ್ರೋಟೀನ್ ಕಲೆ ಕರಗಿಸುವ ಎನ್‌ಜೈಮ್ ಇರುತ್ತೆ. ತುಪ್ಪುಳವೂ ನಮ್ಮ ಕೂದಲಿನ ಹಾಗೆ ಪ್ರೋಟೀನೇ ಅಲ್ಲವೇ? ಹಾಗಾಗಿ ಅದಕ್ಕೆಂದೇ ಸಿಗುವ ಡೌನ್ ವಾಷ್ ದ್ರವವನ್ನು ಬಾಟಲಿಯ ಮೇಲೆ ಹೇಳಿದಷ್ಟೇ ಹಾಕ್ತೀನಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್‌ನಂಥದ್ದು ಬೇಡವೇ ಬೇಡ, ಅದು ಎಳೆಗಳ ಮೇಲೆ ಜಿಡ್ಡಾಗಿ ಕೂತು ಅವು ಅರಳೋಕೆ ಬಿಡೋದಿಲ್ಲ. 30 ಡಿಗ್ರಿಯ ನೀರು, ನಾಜೂಕು ಬಟ್ಟೆಯ ಸೈಕಲ್, ಕೊನೆಗೆ ಒಂದು ಜಾಲಾಟ ಹೆಚ್ಚಿಗೆ. ಒಳಗೆ ಸೋಪು ಉಳಿದರೂ ಗಂಟಾಗುತ್ತೆ. ಆಮೇಲೆ ನೀರು ಹೋಗಲಿ ಅಂತ ಬರೀ ಸ್ಪಿನ್ ಇನ್ನೊಂದು ಸಲ.

ಹೊರಗೆ ತೆಗೆಯುವಾಗ ಭುಜ ಹಿಡಿದು ಎತ್ತಬಾರದು. ಒದ್ದೆ ತುಪ್ಪುಳದ ಭಾರವೆಲ್ಲ ಕೆಳಗೆ ಜಗ್ಗಿ ಒಳಗಿನ ಹೊಲಿಗೆ ಬಿಟ್ಟುಕೊಳ್ಳುತ್ತೆ. ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ ಕೆಳಗಿನಿಂದ ಎರಡೂ ಕೈ ಕೊಟ್ಟು ಬುಟ್ಟಿಗೆ ಹಾಕಬೇಕು. ಆಗ ಕೋಟು ನೋಡಿದರೆ ಯಾರಿಗಾದರೂ ಎದೆ ಧಸಕ್ಕನ್ನುತ್ತೆ, ಬರೀ ನೈಲಾನ್ ಹಾಳೆಯೊಳಗೆ ಒದ್ದೆ ಮುದ್ದೆಗಳು! ಹೆದರಬೇಡಿ, ಪ್ರತಿ ಡೌನ್ ಕೋಟೂ ಒಗೆದಾಗ ಹಾಗೇ ಕಾಣೋದು.

ಇಲ್ಲಿಂದ ಅಡಿಗೆಮನೆಯ ತಕ್ಕಡಿ ಬೇಕು. ಕೇಕಿಗೆ ಮೈದಾ ತೂಗುವ ಅದೇ ಡಿಜಿಟಲ್ ತಕ್ಕಡಿ. ಸ್ಪಿನ್ ಆದ ಮೇಲೆ ಕೋಟು 1,760 ಗ್ರಾಂ ಇತ್ತು. ಮೂರು ಶುದ್ಧವಾದ ಟೆನಿಸ್ ಚೆಂಡುಗಳ ಜೊತೆ ಡ್ರೈಯರ್‌ಗೆ ಹಾಕಿ, ತಾನೇ ನಿಲ್ಲುವ ಸೈಕಲ್ ಬಿಟ್ಟು, ಕಡಿಮೆ ಬಿಸಿಯಲ್ಲಿ ಅರ್ಧ ಗಂಟೆಯ ಸಮಯ ಇಟ್ಟೆ. ಬಿಸಿ ಹೆಚ್ಚಾದರೆ ಹೊರಗಿನ ನೈಲಾನ್ ಸುಕ್ಕಾಗಿ ಕರಗಬಹುದು. ಚೆಂಡುಗಳು ಧಡಧಡ ಬಡಿದು ಉಂಡೆಗಳನ್ನು ಸಡಿಲಿಸುತ್ತವೆ. ಆದರೆ ಚೆಂಡನ್ನೇ ನಂಬಿ ಕೂತರೆ ಸಾಲದು. ಪ್ರತಿ ಅರ್ಧ ಗಂಟೆಗೆ ಹೊರತೆಗೆದು, ಕೊಡವಿ, ಖಾನೆ ಖಾನೆಯಲ್ಲೂ ಗಂಟು ಹುಡುಕಿ ಬೆರಳಿನಿಂದ ಬಿಡಿಸಬೇಕು. ಉಂಡೆ ಒಡೆದರೆ ತಾನೇ ಒಳಗಿನ ಒದ್ದೆಗೆ ಬಿಸಿಗಾಳಿ ತಾಗೋದು. ಈ ಕೆಲಸವನ್ನು ಅತ್ತೆ ನನಗೆ ಬಿಡಲೇ ಇಲ್ಲ, ಅವರೆಕಾಳು ಹಿಚುಕಿದ ಬೆರಳುಗಳು ನೋಡಿ!

ಎರಡೂವರೆ ಗಂಟೆಗೆ ಕೋಟು ಉಬ್ಬಿ ನಿಂತಿತು. ಎಲ್ಲಿ ಮುಟ್ಟಿದರೂ ಒಣ. "ಆಯ್ತಲ್ಲ ಬಿಡು, ಕರೆಂಟು ದಂಡ" ಅಂದರು ಅತ್ತೆ. ತಕ್ಕಡಿ ತೋರಿಸಿದ್ದು 1,100 ಗ್ರಾಂ. "ಇನ್ನೊಂದು ಸುತ್ತು ನೋಡೋಣ ಅತ್ತೆ, ನೀರಿದ್ರೆ ತೂಕ ಇಳಿಯುತ್ತೆ" ಅಂದೆ. ಇಳಿಯಿತು. ಮತ್ತೊಂದು ಸುತ್ತಿಗೆ ಇನ್ನಷ್ಟು ಇಳಿಯಿತು. ನಾಲ್ಕೂವರೆ ಗಂಟೆಗೆ 1,020. ಆಮೇಲೆ ಇನ್ನರ್ಧ ಗಂಟೆ ಓಡಿಸಿದರೂ 1,020. ಈಗ ಮುಗಿಯಿತು ಅಂತ ಅರ್ಥ.

ಲೆಕ್ಕ ಹಾಕಿ ನೋಡಿ. ಪೂರ್ತಿ ಒಣಗಿದೆ ಅಂತ ನಮ್ಮ ಕೈ ಹೇಳಿದಾಗ ಒಳಗೆ ಇನ್ನೂ 80 ಗ್ರಾಂ ನೀರಿತ್ತು, ಹೆಚ್ಚುಕಡಿಮೆ ಐದು ದೊಡ್ಡ ಚಮಚ. ಏಪ್ರಿಲ್‌ನಲ್ಲಿ ಚೀಲದೊಳಗೆ ಸೇರಿಕೊಂಡದ್ದು ಇಂಥದೇ ನೀರು. ಅತ್ತೆ ತಕ್ಕಡಿಯನ್ನೊಮ್ಮೆ, ಕೋಟನ್ನೊಮ್ಮೆ ನೋಡಿ, "ಕಳ್ಳ ನೀರು" ಅಂದರು.

ತಕ್ಕಡಿ ಇಲ್ಲದವರು ಹೀಗೆ ನೋಡಬಹುದು. ಡ್ರೈಯರ್‌ನಿಂದ ತೆಗೆದ ಬಿಸಿಯಲ್ಲಿ ಏನೂ ಗೊತ್ತಾಗೋದಿಲ್ಲ. ಕೋಟು ತಣ್ಣಗಾಗೋವರೆಗೆ ಒಂದು ಗಂಟೆ ಬಿಟ್ಟು, ಕಂಕುಳು, ಕಾಲರ್, ಜೇಬಿನ ಹಿಂಭಾಗವನ್ನು ಕೆನ್ನೆಗೆ ಒತ್ತಿ. ಒದ್ದೆ ಇರುವ ಜಾಗ ತಣ್ಣಗೆ ತಾಗುತ್ತೆ. ಕಿಟಕಿಗೆ ಹಿಡಿದರೆ ಕಪ್ಪು ಚುಕ್ಕೆ ಕಾಣಬಾರದು. ಮೂಸಿದರೆ ಕೋಳಿ ವಾಸನೆ ಇರಬಾರದು. ಇವುಗಳಲ್ಲಿ ಒಂದು ಇದ್ದರೂ ಇನ್ನೊಂದು ಸುತ್ತು. ಎಲ್ಲ ಸರಿಯಿದ್ದರೂ ನಾನು ಒಂದು ದಿನ ಮಂಚದ ಮೇಲೆ ಹರಡಿಟ್ಟು, ಮರುದಿನ ಇನ್ನೊಮ್ಮೆ ಮೂಸಿ ನೋಡಿಯೇ ಒಳಗಿಡೋದು. ಆ ಕೋಟು ಮರುದಿನ ಹತ್ತು ಗ್ರಾಂ ಹೆಚ್ಚು ತೂಗಿತು. ಅದು ಕೋಣೆಯ ಗಾಳಿಯಿಂದ ಎಳೆಗಳು ಹೀರಿಕೊಂಡ ತೇವ, ಅದಕ್ಕೆ ಚಿಂತೆ ಬೇಡ.

ಮೈಸೂರಿನ ನನ್ನ ತಂಗಿ ಫೋನಿನಲ್ಲಿ ಕೇಳಿದ್ದಳು, "ಮಗ ಹಿಮಾಲಯಕ್ಕೆ ಹೋಗಿಬಂದಿದ್ದಾನೆ, ಅವನ ಡೌನ್ ಜಾಕೆಟ್ ಡ್ರೈಯರ್ ಇಲ್ಲದೆ ಒಗೀಬಹುದೇನೇ?" ಅಂತ. ಬೇಸಿಗೆಯಲ್ಲಾದರೆ ಆಗುತ್ತೆ. ತೆಳ್ಳನೆಯ ಜಾಕೆಟ್ ಆಗಿದ್ದರೆ ಟಬ್ಬಿನಲ್ಲಿ ಅದುಮಿ ಅದುಮಿ ಒಗೆದು, ಹಿಂಡದೆ, ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ನೇತುಹಾಕದೆ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಮಲಗಿಸಿ, ಫ್ಯಾನಿನ ಕೆಳಗೆ ನೆರಳಲ್ಲಿ ಎರಡು ಮೂರು ದಿನ ಬಿಡಬೇಕು. ಗಂಟೆಗೊಮ್ಮೆ ಮಗುಚಿ, ಗಂಟು ಬಿಡಿಸುವ ಕೆಲಸ ತಪ್ಪಿದ್ದಲ್ಲ. ಜೂನ್ ಜುಲೈನ ಮಳೆಯಲ್ಲಂತೂ ಕೈ ಹಾಕಲೇಬೇಡ, ಕಲೆ ಬಿದ್ದ ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಇಡು ಅಂದೆ.

ಎತ್ತಿಡುವಾಗ ಅದುಮಿ ಕಟ್ಟಬೇಡಿ. ಹ್ಯಾಂಗರಿಗೆ ಸಡಿಲವಾಗಿ ಹಾಕಿ, ಮೇಲೆ ಹಳೆಯ ಹತ್ತಿ ಪಂಚೆಯೊಂದನ್ನು ಹೊದಿಸಿದರೆ ಸಾಕು. ಹಾಸನದ ಹುಡುಗಿಗೆ ಕೋಟು ಕೊಡುವಾಗ ಅದರ ಜೇಬಿನಲ್ಲಿ ಒಂದು ಚೀಟಿ ಇಟ್ಟೆ: "ಒಣ ತೂಕ 1,030 ಗ್ರಾಂ." ಮುಂದೆ ಒಗೆದಾಗ ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಅವಳಿಗೆ ಗೊತ್ತಿರಲಿ ಅಂತ.