ಷೇರು ಡಬಲ್ ಆಯ್ತು, ದುಡ್ಡು?

2018ರ ಸೆಪ್ಟೆಂಬರಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ವಿಜಯನಗರದ ನಮ್ಮ ಮಾವ ಮನೆಮಂದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ರು. ಷೇರು ಎರಡಾಯ್ತು ನಿಜ, ಆದರೆ ಬೆಲೆಯೂ ಅರ್ಧಕ್ಕಿಳಿಯಿತು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಮೀಸಲು ಹಣದ ಒಂದು ಭಾಗ ಷೇರು ಬಂಡವಾಳ ಅಂತ ಹೆಸರು ಬದಲಿಸಿಕೊಂಡಿತು, ಅಷ್ಟೆ. 2024ರಲ್ಲಿ ಕೆನರಾ ಬ್ಯಾಂಕ್ ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನು ಎರಡು ರೂಪಾಯಿಯ ಐದು ಷೇರು ಮಾಡಿತಲ್ಲ, ಆ ಸ್ಪ್ಲಿಟ್‌ನಲ್ಲಿ ಅದೂ ಇಲ್ಲ. ಅದೇ ದೋಸೆ, ತುಂಡು ಜಾಸ್ತಿ.

ಬೈಬ್ಯಾಕ್ ಹಾಗಲ್ಲ, ಕಂಪನಿಯಿಂದ ನಿಜವಾಗಿ ದುಡ್ಡು ಹೊರಗೆ ಹೋಗುತ್ತೆ. ಒಂದು ಕಂಪನಿಯ ನಿಜವಾದ ಬೆಲೆ 10,000 ರೂಪಾಯಿ, ಷೇರು 100 ಅಂದುಕೊಳ್ಳಿ. ತಲಾ 100 ರೂಪಾಯಿಯ ಷೇರನ್ನು 120 ಕೊಟ್ಟು ಹತ್ತು ಕೊಂಡರೆ ಉಳಿಯೋದು 8,800. ಅದನ್ನು 90 ಷೇರಿಗೆ ಹಂಚಿ: 98 ರೂಪಾಯಿಯೂ ಬರಲ್ಲ. ಮಾರಿದವರಿಗೆ ಸಿಕ್ಕ 200 ರೂಪಾಯಿ ಲಾಭ ಮಾರದೆ ಕೂತವರ ಜೇಬಿನದು. ಅದೇ 80ಕ್ಕೆ ಕೊಂಡಿದ್ದರೆ ಕೂತವರ ಷೇರು 102 ದಾಟುತ್ತಿತ್ತು. ಷೇರು ಕಮ್ಮಿಯಾದ್ದರಿಂದ ತಲಾ ಗಳಿಕೆ ಮಾತ್ರ ಎರಡೂ ಸಲ ಏರಿದಂತೆ ಕಾಣಬಹುದು, ಅದನ್ನ ನಂಬಬೇಡಿ.

2017ರಲ್ಲಿ ಇನ್ಫೋಸಿಸ್ 13,000 ಕೋಟಿಯ ಬೈಬ್ಯಾಕ್ ಮಾಡಿದಾಗ ಕೊಟ್ಟ ಬೆಲೆ 1,150, ಆಗಿನ ಮಾರುಕಟ್ಟೆ ಬೆಲೆಗಿಂತ ಹೆಚ್ಚು. ಇಂಥ ಟೆಂಡರ್ ಬೈಬ್ಯಾಕ್‌ನಲ್ಲಿ ಎರಡು ಲಕ್ಷ ರೂಪಾಯಿವರೆಗಿನ ಷೇರು ಇರೋ ಸಣ್ಣವರಿಗೆ ಶೇಕಡಾ 15 ಮೀಸಲು. ಅರ್ಜಿ ಹಾಕದೆ ಬಿಟ್ಟವರು ಆ ಹೆಚ್ಚುವರಿ ದುಡ್ಡನ್ನ ಬೇರೆಯವರಿಗೆ ಬಿಟ್ಟುಕೊಟ್ಟ ಹಾಗೆ.